ಒಂದು ಟಿಕ್‌ಗೆ ಒಂದೇ ಒಪ್ಪಿಗೆ

2017ರಲ್ಲಿ ಸಿಮ್ ಮರುಪರಿಶೀಲನೆಗೆಂದು ಆಧಾರ್ ಕೊಟ್ಟು ಬೆರಳೊತ್ತಿದ ಲಕ್ಷಾಂತರ ಏರ್‌ಟೆಲ್ ಗ್ರಾಹಕರ ಹೆಸರಲ್ಲಿ ಅವರಿಗೇ ತಿಳಿಯದಂತೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಕೊಂಡಿತ್ತು. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೇ ಸಬ್ಸಿಡಿ ಹೋಗುವುದರಿಂದ ಗ್ಯಾಸ್ ಸಬ್ಸಿಡಿಯೂ ದಾರಿ ಬದಲಿಸಿತು. ಆ ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಕಂಪನಿಯ ಇ-ಕೆವೈಸಿ ಪರವಾನಗಿಯನ್ನು ತಡೆಹಿಡಿಯಿತು. ಸುಮಾರು 190 ಕೋಟಿ ರೂಪಾಯಿಯನ್ನು ಹಿಂದಿನ ಖಾತೆಗಳಿಗೆ ಮರಳಿಸಬೇಕಾಯಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ 5 ಕೋಟಿ ದಂಡ ಹಾಕಿತು. ಇಷ್ಟಕ್ಕೆಲ್ಲ ಮೂಲ, ಪರದೆಯ ಮೇಲೆ ಮೊದಲೇ ಟಿಕ್ ಬಿದ್ದಿದ್ದ ಒಂದು ಸಾಲು. ಆಗಿನ ವರದಿಗಳ ಪ್ರಕಾರ ಅದರ ತಾತ್ಪರ್ಯ ಇಷ್ಟು: ಸರ್ಕಾರದ ನಿಯಮಾನುಸಾರ ನನ್ನ ವ್ಯಾಲೆಟ್ಟನ್ನು ಮೇಲ್ದರ್ಜೆಗೇರಿಸಿ ಅಥವಾ ಹೊಸದಾಗಿ ತೆರೆಯಿರಿ, ಬ್ಯಾಂಕಿನ ಷರತ್ತುಗಳಿಗೆ ಒಪ್ಪಿದ್ದೇನೆ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ನಿಯಮಾನುಸಾರ’ ಎಂಬ ಪದ. ನಮ್ಮ ಕಚೇರಿಗಳ ನೋಟಿಸುಗಳನ್ನು ಓದಿ ಬೆಳೆದವರಿಗೆ ಆ ಪದ ಕಂಡೊಡನೆ ‘ಮಾಡಲೇಬೇಕು’ ಎಂದೇ ಅರ್ಥವಾಗುತ್ತದೆ. ಸಿಮ್ ಪರಿಶೀಲನೆ ಕಡ್ಡಾಯವೆಂದು ಹೇಳಲಾಗಿತ್ತು, ಖಾತೆ ಐಚ್ಛಿಕ. ಒಂದೇ ಪದ ಎರಡನ್ನೂ ಒಂದೇ ತಕ್ಕಡಿಗೆ ಹಾಕಿತು. ಆ ಸಾಲಿನಲ್ಲಿ ‘ಖಾತೆ’ ಎಂಬ ಮಾತಿಲ್ಲ, ಸಬ್ಸಿಡಿಯ ಸುದ್ದಿಯೇ ಇಲ್ಲ. ಇದನ್ನು ತಿದ್ದಬೇಕಾದರೆ ಪದಗಳನ್ನು ಸರಳಗೊಳಿಸುವ ಮೊದಲು ಒಪ್ಪಿಗೆಗಳನ್ನು ಬಿಡಿಸಬೇಕು. ಮೊದಲನೆಯದು: ‘ನನ್ನ ಸಿಮ್ ಪರಿಶೀಲನೆಗೆ ಆಧಾರ್ ಬಳಸಿ.’ ಎರಡನೆಯದು, ಖಾಲಿ ಚೌಕದೊಂದಿಗೆ: ‘ನನ್ನ ಹೆಸರಲ್ಲಿ ಹೊಸ ಬ್ಯಾಂಕ್ ಖಾತೆ ತೆರೆಯಿರಿ. ಇದು ಬೇಡವೆಂದರೂ ಸಿಮ್ ನಡೆಯುತ್ತದೆ.’ ಮೂರನೆಯದು, ಅದೂ ಖಾಲಿ: ‘ಗ್ಯಾಸ್ ಸಬ್ಸಿಡಿ ಇನ್ನು ಈ ಹೊಸ ಖಾತೆಗೆ ಬರಲಿ, ಹಳೆಯ ಖಾತೆಗೆ ಬರುವುದು ನಿಲ್ಲಲಿ.’ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ನಾಲ್ಕು ವಿಷಯ ಪೋಣಿಸಿ ಕಡೆಗೆ ‘ಒಪ್ಪುತ್ತೇನೆ’ ಎಂದರೆ ಅಲ್ಲಿಗೆ ತಲುಪುವಷ್ಟರಲ್ಲಿ ಯಾವುದಕ್ಕೆ ಒಪ್ಪಿದೆವೆಂಬುದೇ ಮರೆತಿರುತ್ತದೆ.

ಚೌಕಗಳು ಹೆಚ್ಚಿದರೆ ಜನ ಅರ್ಧಕ್ಕೇ ಬಿಟ್ಟುಹೋಗುತ್ತಾರೆ ಎಂಬ ಆಕ್ಷೇಪವಿದೆ. ಬಿಟ್ಟುಹೋಗುವವರು ಖಾತೆ ಬೇಡದವರಾದರೆ ಆ ಸಾಲು ತನ್ನ ಕೆಲಸ ಮಾಡಿತೆಂದೇ ಲೆಕ್ಕ. ಸಾಲು ಅರ್ಥವಾಯಿತೇ ಎಂದು ತಿಳಿಯಲು ‘ಅರ್ಥವಾಯಿತೇ?’ ಎಂದು ಕೇಳಿ ಫಲವಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. ‘ಟಿಕ್ ಹಾಕಿದರೆ ನಿಮ್ಮ ಸಬ್ಸಿಡಿ ಎಲ್ಲಿಗೆ ಬರುತ್ತದೆ?’ ಎಂದು ಕೇಳಬೇಕು. ಉತ್ತರ ತಪ್ಪಿದರೆ ತಪ್ಪು ಸಾಲಿನದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅಂಗಡಿಯಲ್ಲಿ ಪರದೆ ಏಜೆಂಟನ ಕೈಯಲ್ಲಿರುತ್ತದೆ, ಗ್ರಾಹಕರು ಓದುವುದೇ ಇಲ್ಲ. ನಿಜ, ಅಲ್ಲಿ ಪದ ತಿದ್ದಿದರಷ್ಟೇ ಸಾಲದು. ಎರಡನೆಯ ಮತ್ತು ಮೂರನೆಯ ಸಾಲು ಗ್ರಾಹಕರ ಫೋನಿಗೇ ಬಂದು, ಅವರು ಉತ್ತರಿಸಿದ ಮೇಲೆಯೇ ಖಾತೆ ತೆರೆಯಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಒಪ್ಪಿಗೆ ನಿರ್ದಿಷ್ಟವಾಗಿ, ಸ್ಪಷ್ಟ ಕ್ರಿಯೆಯಿಂದ ಬರಬೇಕೆನ್ನುತ್ತದೆ. ಕೋರಿಕೆಯನ್ನು ಇಂಗ್ಲಿಷಿನಲ್ಲೋ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆ ಕೊಡಬೇಕೆಂದೂ ಹೇಳುತ್ತದೆ. ಭಾಷೆಯನ್ನು ರಾಜ್ಯದ ಗಡಿ ನಿರ್ಧರಿಸುವುದಿಲ್ಲ. ಹಾಗಾಗಿ ಆ ಸೆಕ್ಷನ್ ಜಾರಿಗೆ ಬಂದ ದಿನ ಸಿಕಂದರಾಬಾದಿನ ಕನ್ನಡ ಮನೆಯವರೂ ಅಂಗಡಿಯಲ್ಲಿ ನಿಂತು ಕನ್ನಡದ ಸಾಲನ್ನೇ ಕೇಳಬಹುದು. ಆಗ ಇಂಗ್ಲಿಷ್ ಸಾಲನ್ನು ಹಾಗೆಯೇ ಕನ್ನಡಕ್ಕಿಳಿಸಿದರೆ ‘ನಿಯಮಾನುಸಾರ’ವೂ ಅದರೊಡನೆ ಬಂದು ಕೂರುತ್ತದೆ.