ಐದು ವೋಲ್ಟ್‌ಗೆ ಪೂರ್ತಿ ತೆರೆಯುವ ಮಾಸ್ಫೆಟ್

ಫಾಲ್ಸ್ ಸೀಲಿಂಗ್‌ನ ಅಂಚಿಗೆ ಹಾಕುವ ಐದು ಮೀಟರ್‌ನ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 60 ದೀಪಗಳಿರುವ 5050 ಮಾದರಿಯದಾದರೆ, ಸುಮಾರು ಆರು ಆಂಪಿಯರ್ ಎಳೆಯುತ್ತದೆ. ಆರ್ಡುಯಿನೊದ ಪಿಡಬ್ಲ್ಯುಎಂನಿಂದ ಅದರ ಬೆಳಕನ್ನು ತಗ್ಗಿಸಲು ಹೊರಟವರು ಹೆಚ್ಚಾಗಿ IRFZ44N ಕೊಂಡು ತರುತ್ತಾರೆ. ನಲವತ್ತೊಂಬತ್ತು ಆಂಪಿಯರ್ ತಾಳುವ ಮಾಸ್ಫೆಟ್ ಆರು ಆಂಪಿಯರ್‌ಗೇ ಕೈ ಸುಡುವಷ್ಟು ಕಾದಾಗ ದೊಡ್ಡ ಹೀಟ್ ಸಿಂಕ್ ಹುಡುಕುತ್ತಾರೆ. ದೋಷವಿರುವುದು ಗೇಟಿನಲ್ಲಿ.

ಡೇಟಾಶೀಟ್‌ನಲ್ಲಿ ಇದರ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿದೆ. ಅದನ್ನು ನೋಡಿ ಐದು ವೋಲ್ಟ್ ಧಾರಾಳವಾಯಿತು ಎಂದುಕೊಳ್ಳಬಾರದು. ಥ್ರೆಶೋಲ್ಡ್ ವೋಲ್ಟೇಜಿಗೆ ಹರಿಯುವುದು ಬರೀ 250 ಮೈಕ್ರೊಆಂಪಿಯರ್. ಬಾಗಿಲು ಆಗಷ್ಟೇ ಕದಲಿರುತ್ತದೆ. ನೋಡಬೇಕಾದ ಸಾಲು ಆನ್ ರೆಸಿಸ್ಟೆನ್ಸಿನದು, ಅದರಲ್ಲೂ ಅದನ್ನು ಎಷ್ಟು ಗೇಟ್ ವೋಲ್ಟೇಜಿಗೆ ಅಳೆದಿದ್ದಾರೆ ಎಂಬುದು. IRFZ44Nಗೆ ಹತ್ತು ವೋಲ್ಟಿನ ಅಂಕಿ ಮಾತ್ರ ಸಿಗುತ್ತದೆ. ಲಾಜಿಕ್ ಲೆವೆಲ್ ಆದ IRLZ44Nಗೆ ಐದು ವೋಲ್ಟಿನಲ್ಲೇ ಗರಿಷ್ಠ 25 ಮಿಲಿಓಮ್ ಎಂದು ಬರೆದಿದೆ. ಆದರೆ ಇಎಸ್‌ಪಿ32ರ 3.3 ವೋಲ್ಟಿಗೆ ಇದಕ್ಕೂ ಭರವಸೆಯಿಲ್ಲ, ಅಲ್ಲಿ 2.5 ವೋಲ್ಟಿಗೇ ಅಂಕಿ ಕೊಟ್ಟಿರುವ ಮಾಸ್ಫೆಟ್ ಬೇಕು.

ಈಗ ಶಾಖದ ಲೆಕ್ಕ. ಆರರ ವರ್ಗವನ್ನು 0.025ರಿಂದ ಗುಣಿಸಿದರೆ 0.9 ವ್ಯಾಟ್. ಕಾದಂತೆ ರೆಸಿಸ್ಟೆನ್ಸ್ ಏರುವುದರಿಂದ 1.3 ಎಂದಿಟ್ಟುಕೊಳ್ಳೋಣ. ಹೀಟ್ ಸಿಂಕ್ ಇಲ್ಲದ ಟಿಒ-220 ಪ್ಯಾಕೇಜು ವ್ಯಾಟಿಗೆ 62 ಡಿಗ್ರಿಯಂತೆ ಬಿಸಿಯೇರುತ್ತದೆ, ಅಂದರೆ 80 ಡಿಗ್ರಿ. ಸೀಲಿಂಗ್ ಒಳಗಿನ 40 ಸೇರಿದರೆ 120. ಮಾಸ್ಫೆಟ್‌ನ ಮಿತಿ 175, ಅದು ಸುಡುವುದಿಲ್ಲ. ಆದರೂ ಗಾಳಿಯಾಡದ ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಅದನ್ನು ಹಾಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ವ್ಯಾಟಿಗೆ 20 ಡಿಗ್ರಿಯ ಪುಟ್ಟ ಅಲ್ಯುಮಿನಿಯಂ ಹೀಟ್ ಸಿಂಕ್ ಹಾಕಿದರೆ ಏರಿಕೆ 30 ಡಿಗ್ರಿಯೊಳಗೇ ನಿಲ್ಲುತ್ತದೆ.

ಈ ಲೆಕ್ಕ ಆರ್ಡುಯಿನೊದ ಮಾಮೂಲಿ 490 ಹರ್ಟ್ಸ್‌ಗೆ ಸರಿ. ಗೇಟಿಗೆ 220 ಓಮ್ ರೆಸಿಸ್ಟರ್ ಇದ್ದಾಗ ಪ್ರತಿ ಬಾರಿ ತೆರೆದು ಮುಚ್ಚುವುದಕ್ಕೆ ಒಟ್ಟು ಐದು ಮೈಕ್ರೊಸೆಕೆಂಡ್ ಹಿಡಿಯುತ್ತದೆ, ಅದರಿಂದ ವ್ಯರ್ಥವಾಗುವುದು 0.1 ವ್ಯಾಟಿಗೂ ಕಡಿಮೆ. ಕ್ಯಾಮೆರಾದಲ್ಲಿ ಮಿನುಗು ಕಾಣಬಾರದೆಂದು ಅದನ್ನೇ 20 ಕಿಲೊಹರ್ಟ್ಸ್‌ಗೆ ಏರಿಸಿದರೆ ಮೂರೂವರೆ ವ್ಯಾಟ್ ದಾಟುತ್ತದೆ. ಆಗ ಹೀಟ್ ಸಿಂಕ್ ಹಿಗ್ಗಿಸುವ ಬದಲು ಗೇಟ್ ಡ್ರೈವರ್ ಐಸಿ ಹಾಕುವುದೇ ಜಾಣತನ.

ಪರೀಕ್ಷೆ ಸುಲಭ. ಬೆಳಕನ್ನು ಪೂರ್ತಿ ಏರಿಸಿ, ಮಲ್ಟಿಮೀಟರಿನಲ್ಲಿ ಡ್ರೈನ್ ಮತ್ತು ಸೋರ್ಸ್ ನಡುವೆ ಅಳೆಯಿರಿ. 0.15 ವೋಲ್ಟಿನ ಆಸುಪಾಸು ಇದ್ದರೆ ಸರಿ. ಒಂದು ವೋಲ್ಟ್ ಕಂಡರೆ ಗೇಟ್ ಅರೆ ತೆರೆದಿದೆ, ಇಲ್ಲವೇ ನಕಲಿ ಮಾಲು. ಆರ್‌ಜಿಬಿ ಸ್ಟ್ರಿಪ್‌ನ ಮೂರು ಮಾಸ್ಫೆಟ್‌ಗಳನ್ನು ಒಂದೇ ಹೀಟ್ ಸಿಂಕ್‌ಗೆ ಬಿಗಿಯುವುದಾದರೆ ನಡುವೆ ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಲೇಬೇಕು: ಬೆನ್ನಿನ ಲೋಹವೇ ಡ್ರೈನ್, ನೇರ ತಾಗಿದರೆ ಮೂರು ಬಣ್ಣವೂ ಒಟ್ಟಿಗೇ ಉರಿಯುತ್ತವೆ.