ಕಿವಿ ಟೆಸ್ಟ್ ಚೀಟಿಯ ಗೆರೆ ಓದೋದು ಹೇಗೆ? ದೋಷ ದಾರಿಯಲ್ಲೋ, ನರದಲ್ಲೋ ತಿಳಿಯಿರಿ

ಅಣ್ಣಿಗೇರಿ: ಕಿವಿ ಕೇಳೋದಿಲ್ಲ ಅಂತ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ ಖಾಸಗಿ ದವಾಖಾನೆಗೋ ಹೋದವರ ಕೈಗೆ ಕೊನೆಗೆ ಬರೋದು ಒಂದು ಗ್ರಾಫ್ ಕಾಗದ. ಅದರ ಹೆಸರು ಆಡಿಯೋಗ್ರಾಂ. ಬಹಳ ಮಂದಿ ಅದನ್ನು ಮಡಚಿ ಚೀಲದಲ್ಲಿ ಇಡುತ್ತಾರೆ. ಆದರೆ ಔಷಧ ಅಥವಾ ಆಪರೇಷನ್‌ನಿಂದ ಸರಿಹೋಗುವ ದೋಷವೋ, ಮಷೀನ್ ಹಾಕಲೇಬೇಕೋ ಎಂಬ ಸುಳಿವು ಅದರಲ್ಲೇ ಇರುತ್ತದೆ.

ಗ್ರಾಫ್‌ನ ಅಡ್ಡ ಸಾಲಿನಲ್ಲಿ 250ರಿಂದ 8000ದವರೆಗೆ ಅಂಕಿ ಇರುತ್ತವೆ. ಅದು ಹರ್ಟ್ಜ್. ಎಡಕ್ಕೆ ಡೊಳ್ಳಿನಂಥ ದಪ್ಪ ದನಿ, ಬಲಕ್ಕೆ ಸಿಳ್ಳೆಯಂಥ ಸಣ್ಣ ದನಿ. ಮೇಲಿನಿಂದ ಕೆಳಕ್ಕೆ ಇರೋದು ಡೆಸಿಬಲ್, ಅಂದರೆ ದನಿಯ ಜೋರು. ಇಲ್ಲಿ ಗುರುತು ಕೆಳಗೆ ಇಳಿದಷ್ಟೂ ಕೇಳಿಕೆ ಕಡಿಮೆ ಎಂದರ್ಥ. ಕೆಂಪು O ಬಲಗಿವಿ, ನೀಲಿ X ಎಡಗಿವಿ. ಇವು ಹೆಡ್‌ಫೋನ್ ಹಾಕಿ ಮಾಡಿದ ಗಾಳಿ ದಾರಿಯ ಪರೀಕ್ಷೆಯವು.

ಕಿವಿ ಹಿಂದಿನ ಎಲುಬಿಗೆ ಕಂಪಿಸುವ ಸಣ್ಣ ಉಪಕರಣ ಇಟ್ಟು ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ. ಅದರ ಗುರುತು ಬಲಕ್ಕೆ <, ಎಡಕ್ಕೆ >. ಈ ದನಿ ಕಿವಿಯ ತೂತು, ತಮಟೆ ಎಲ್ಲ ಬಿಟ್ಟು ನೇರ ಒಳಗಿವಿಗೆ ಹೋಗುತ್ತದೆ. ಗುಟ್ಟು ಇರೋದು ಈ ಎರಡರ ಹೋಲಿಕೆಯಲ್ಲಿ. ಎಲುಬಿನ ಮೂಲಕ ಚಲೋ ಕೇಳಿ, ಗಾಳಿ ಮೂಲಕ ಕೇಳದಿದ್ದರೆ ಒಳಗಿವಿ ಸರಿ ಇದೆ, ದಾರಿ ಕಟ್ಟಿದೆ. ಎರಡೂ ಕೂಡಿಯೇ ಕೆಳಗಿಳಿದಿದ್ದರೆ ದೋಷ ಒಳಗಿವಿ ಅಥವಾ ನರದ್ದು. ಎಲುಬಿನದೂ ಇಳಿದು, ಅದರ ಮೇಲೆ ಅಂತರವೂ ಇದ್ದರೆ ಎರಡೂ ಬೆರೆತ ದೋಷ.

ಎರಡು ಉದಾಹರಣೆ ನೋಡೋಣ. ಬಲಗಿವಿ ಸೋರುವ ಒಬ್ಬ ಹುಡುಗನಿಗೆ ಗಾಳಿ ದಾರಿಯಲ್ಲಿ 500, 1000, 2000 ಹರ್ಟ್ಜ್‌ಗೆ 45, 50, 40 ಡೆಸಿಬಲ್ ಬಂದಿದೆ ಎನ್ನೋಣ. ಮೂರನ್ನೂ ಕೂಡಿಸಿದರೆ 135, ಮೂರರಿಂದ ಭಾಗಿಸಿದರೆ ಸರಾಸರಿ 45. ಎಲುಬಿನ ಗುರುತು ಮಾತ್ರ ಎಲ್ಲ ಕಡೆ 10ರಲ್ಲೇ ಇದೆ. ಅಂತರ 35. ಹತ್ತಕ್ಕಿಂತ ಹೆಚ್ಚಿನ ಅಂತರ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಇದು ದಾರಿಯ ದೋಷ. ತಮಟೆ ತೂತಾಗಿರಬಹುದು. ಔಷಧ, ಆಪರೇಷನ್‌ನಿಂದ ಕೇಳಿಕೆ ಸುಧಾರಿಸುವ ಅವಕಾಶ ಇದೆ. ಇಂಥ ಕಿವಿಗೆ ಬಿಸಿ ಎಣ್ಣೆ ಬಿಡಲೇಬಾರದು.

ಸಾಮಾನ್ಯವಾಗಿ ಬಳಸುವ ಒಂದು ಲೆಕ್ಕದಲ್ಲಿ ಸರಾಸರಿ 26ರಿಂದ 40 ಇದ್ದರೆ ಅಲ್ಪ, 41ರಿಂದ 55 ಮಧ್ಯಮ, 56ರಿಂದ 70 ಮಧ್ಯಮಕ್ಕಿಂತ ಹೆಚ್ಚು, 71ರಿಂದ 90 ತೀವ್ರ, ಅದರ ಮೇಲೆ ಅತಿ ತೀವ್ರ. ಹುಡುಗನದು ಮಧ್ಯಮ.

ಇನ್ನೊಬ್ಬರು ವರ್ಷಗಟ್ಟಲೆ ಗಿರಣಿ ಸದ್ದಿನಲ್ಲಿ ದುಡಿದವರು. ಎರಡೂ ಕಿವಿಯಲ್ಲಿ 20, 30, 40. ಸರಾಸರಿ 30, ಅಂದರೆ ಅಲ್ಪ. ಆದರೆ 4000 ಹರ್ಟ್ಜ್‌ನಲ್ಲಿ ಗುರುತು 65ಕ್ಕೆ ಬಿದ್ದು, 8000ದಲ್ಲಿ ತುಸು ಮೇಲೆದ್ದಿದೆ. ಎಲುಬಿನ ಗುರುತೂ 4000ದವರೆಗೆ ಅದರ ಬೆನ್ನಿಗೇ ಇಳಿದಿದೆ. ಇದು ಸದ್ದಿನಿಂದ ಒಳಗಿವಿಯ ಕೋಶ ಸತ್ತ ಲಕ್ಷಣ, ಅವು ಮತ್ತೆ ಬೆಳೆಯುವುದಿಲ್ಲ. ‘ಸ’, ‘ತ’ದಂಥ ಅಕ್ಷರಗಳ ಸಣ್ಣ ದನಿ ತಪ್ಪಿಹೋಗುವುದರಿಂದ ಗಿರಾಕಿ ‘ಸಕ್ರಿ’ ಎಂದರೆ ‘ಅಕ್ಕಿ’ ಎಂದು ಕೇಳುತ್ತದೆ. “ದನಿ ಕೇಳ್ತೈತಿ, ಮಾತು ತಿಳಿವಲ್ದು” ಅನ್ನೋದು ಇಂಥವರ ದೂರು. ಸರಾಸರಿಯಲ್ಲಿ 4000 ಸೇರದ ಕಾರಣ ‘ಅಲ್ಪ’ ಎಂಬ ಪದ ನಂಬಿ ಸುಮ್ಮನಿರಬಾರದು. ಮಷೀನ್ ನೆರವಾಗುತ್ತದೆ, ಉಳಿದ ಕೇಳಿಕೆಗೆ ಕಿವಿ ಮುಚ್ಚುವ ಮಫ್ ಬೇಕು.

ಗ್ರಾಫ್ ಮೋಸ ಮಾಡುವುದೂ ಉಂಟು. ಎಲುಬಿನ ಕಂಪನ ಎರಡೂ ಕಿವಿಗೆ ಮುಟ್ಟುತ್ತದೆ. ಬಲಗಿವಿಯ ನರ ಪೂರ್ತಿ ಸತ್ತಿದ್ದರೂ ಚಲೋ ಇರುವ ಎಡಗಿವಿ ಕೇಳಿ, ರೋಗಿ ಬಟನ್ ಒತ್ತಬಹುದು. ಆಗ ನರದ ದೋಷ ದಾರಿಯ ದೋಷದಂತೆ ಕಾಣುತ್ತದೆ. ಅದಕ್ಕಾಗಿ ಚಲೋ ಕಿವಿಗೆ ‘ಶ್’ ಎನ್ನುವ ಸದ್ದು ಬಿಟ್ಟು ಪರೀಕ್ಷಿಸುತ್ತಾರೆ. ಆಗ ಗುರುತು ಬಲಕ್ಕೆ [, ಎಡಕ್ಕೆ ] ಆಗುತ್ತದೆ. ಒಂದು ಕಿವಿ ಚಲೋ, ಇನ್ನೊಂದರಲ್ಲಿ ದೊಡ್ಡ ಅಂತರ ಇದ್ದೂ ಈ ಗುರುತು ಕಾಣದಿದ್ದರೆ ಆಡಿಯೋಲಜಿಸ್ಟ್‌ರನ್ನು ಕೇಳಿ. ಸದ್ದಿನ ಕೋಣೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ 250, 500ರ ಗುರುತು ಸುಮ್ಮನೆ ಕೆಳಗೆ ಬೀಳುತ್ತವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದಶ್ರವಣ, 70 ಇದ್ದರೆ ಕಿವುಡು. ಒಂದೇ ಕಿವಿ ಕೆಟ್ಟವರು ಈ ವ್ಯಾಖ್ಯೆಗೆ ಬರುವುದಿಲ್ಲ. ಒಂದೆರಡು ದಿನದಲ್ಲಿ ದಿಢೀರನೆ ಕಿವಿ ಕೇಳದಂತಾದರೆ ಮಾತ್ರ ಸಂತೆ ದಿನ ನೋಡಿಕೊಂಡು ಹೋಗೋಣ ಅನ್ನಬಾರದು, ಅಂದೇ ವೈದ್ಯರಿಗೆ ತೋರಿಸಬೇಕು. ಮರು ಪರೀಕ್ಷೆಗೆ ಹೋಗುವಾಗ ಹಳೆಯ ಗ್ರಾಫ್ ಒಯ್ಯಿರಿ; ಗೆರೆ ಎಷ್ಟು ಇಳಿದಿದೆ ಎಂಬುದು ಎರಡನ್ನೂ ಜೋಡಿಸಿ ನೋಡಿದಾಗಲೇ ಗೊತ್ತಾಗುತ್ತದೆ.