ಖಾಲಿ ಕಂಡ ಡ್ರೈವ್‌ನೊಳಗೆ ಏನಿದೆ?

ಮದುವೆ ಮುಗಿದು ಕೆಲವು ವಾರಗಳಾದ ಮೇಲೆ ಫೋಟೊಗ್ರಾಫರ್ ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಗಿಡುತ್ತಾರೆ. ‘ಎಲ್ಲ ಫೋಟೊ, ವಿಡಿಯೊ ಇದರಲ್ಲೇ ಇವೆ, ಆಲ್ಬಮ್‌ಗೆ ಬೇಕಾದವನ್ನು ಆರಿಸಿ’ ಎನ್ನುತ್ತಾರೆ. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದರೆ ಸದ್ದಾಗುತ್ತದೆ, ಡಿಸ್ಕಿನ ದೀಪವೂ ಮಿನುಗುತ್ತದೆ. ಆದರೆ This PC ತೆರೆದರೆ ಎಂದಿನ C, D ಬಿಟ್ಟು ಹೊಸ ಡ್ರೈವ್ ಯಾವುದೂ ಇಲ್ಲ. ಫೋಟೊಗ್ರಾಫರಿಗೆ ಫೋನ್ ಮಾಡಿದರೆ ‘ನಮ್ಮಲ್ಲಿ ಚೆನ್ನಾಗಿ ತೆರೆಯುತ್ತಿದೆಯಲ್ಲ’ ಎಂಬ ಉತ್ತರ. ಇಬ್ಬರ ಮಾತೂ ನಿಜ. ಇದು ಹೇಗೆ ಸಾಧ್ಯ ಎಂಬುದು ತಿಳಿಯಬೇಕಾದರೆ ಡಿಸ್ಕಿಗೂ ನಮ್ಮ ಫೋಟೊಗೂ ನಡುವೆ ಇರುವ ಮೂರು ಪದರಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಪಾರ್ಟಿಶನ್. ಕಾರ್ಖಾನೆಯಿಂದ ಬಂದ ಡಿಸ್ಕ್ ಎಂದರೆ ಸಾಲಾಗಿ ನಂಬರ್ ಹಾಕಿದ ಕೋಟ್ಯಂತರ ಸಣ್ಣ ತುಂಡುಗಳು, ಅಷ್ಟೇ. ಇಷ್ಟನೇ ತುಂಡಿನಿಂದ ಇಷ್ಟನೇ ತುಂಡಿನವರೆಗೆ ಒಂದು ಭಾಗ, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಗಡಿ ಗುರುತಿಸುವುದೇ ಪಾರ್ಟಿಶನ್. ಒಂದೇ ಸರ್ವೆ ನಂಬರಿನ ಜಮೀನನ್ನು ಪೋಡಿ ಮಾಡಿ ಹದ್ದುಬಸ್ತು ಬರೆದಿಟ್ಟ ಹಾಗೆ: ಗಡಿಯ ವಿವರ ಇರುವುದು ದಾಖಲೆಯಲ್ಲಿ, ಬೆಳೆ ಇರುವುದು ಹೊಲದಲ್ಲಿ. ಡಿಸ್ಕಿನಲ್ಲಿ ಆ ದಾಖಲೆ ಇರುವುದು ಅದರ ಶುರುವಿನಲ್ಲೇ. ಹಳೆಯ ಪದ್ಧತಿಯಾದ ಎಂಬಿಆರ್‌ನಲ್ಲಿ ಇದು ಕೇವಲ 64 ಬೈಟ್‌ನ ಪಟ್ಟಿ, ಅದರಲ್ಲಿ ನಾಲ್ಕು ಮುಖ್ಯ ಪಾರ್ಟಿಶನ್‌ಗಳಿಗಷ್ಟೇ ಜಾಗ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಜಾಗವಿರುತ್ತದೆ. ಜೊತೆಗೆ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಈ ಎರಡನೆಯ ಪ್ರತಿ ನನಗೆ ಬಹಳ ಮೆಚ್ಚುಗೆಯಾದ ವ್ಯವಸ್ಥೆ. ಶುರುವಿನ ಪಟ್ಟಿ ಹಾಳಾದರೂ ಗಡಿಗಳನ್ನು ಮತ್ತೆ ಹುಡುಕಲು ಒಂದು ದಾರಿ ಉಳಿದಿರುತ್ತದೆ.

ಗಡಿ ಹಾಕಿದ ಮಾತ್ರಕ್ಕೆ ಫೈಲ್ ಇಡಲು ಆಗುವುದಿಲ್ಲ. ಯಾವ ಫೈಲಿನ ಹೆಸರೇನು, ಅದು ಯಾವ ಫೋಲ್ಡರಿನಲ್ಲಿದೆ, ಅದರ ತುಂಡುಗಳು ಎಲ್ಲೆಲ್ಲಿ ಹರಡಿವೆ, ಖಾಲಿ ಜಾಗ ಎಷ್ಟಿದೆ ಎಂಬ ಲೆಕ್ಕ ಇಡುವವರು ಬೇಕು. ಅದೇ ಎರಡನೆಯ ಪದರ, ಫೈಲ್ ಸಿಸ್ಟಮ್. ಲೆಕ್ಕ ಬರೆಯುವ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ವಿಂಡೋಸ್ ತನ್ನ ಒಳಗಿನ ಡಿಸ್ಕಿಗೆ ಸಾಮಾನ್ಯವಾಗಿ ಬಳಸುವುದು ಎನ್‌ಟಿಎಫ್‌ಎಸ್. ಆಪಲ್‌ನ ಮ್ಯಾಕ್ ಕಂಪ್ಯೂಟರುಗಳದ್ದು ಎಪಿಎಫ್‌ಎಸ್, ಅದಕ್ಕೂ ಹಿಂದೆ ಎಚ್‌ಎಫ್‌ಎಸ್ ಪ್ಲಸ್. ಲಿನಕ್ಸ್‌ನಲ್ಲಿ ಹೆಚ್ಚಾಗಿ ಇಎಕ್ಸ್‌ಟಿ4. ಪೆನ್‌ಡ್ರೈವ್ ಮತ್ತು ಕ್ಯಾಮೆರಾ ಕಾರ್ಡುಗಳಲ್ಲಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಒಬ್ಬರು ಬರೆದ ಲೆಕ್ಕ ಇನ್ನೊಬ್ಬರಿಗೆ ಓದಲು ಬರದಿದ್ದರೆ ಅವರ ಪಾಲಿಗೆ ಆ ಪಾರ್ಟಿಶನ್ನಿನಲ್ಲಿ ಫೈಲೇ ಇಲ್ಲ.

ಮೂರನೆಯದು ಡ್ರೈವ್ ಲೆಟರ್, ಅಂದರೆ C, D, E ಎಂಬ ಅಕ್ಷರ. A ಮತ್ತು B ಫ್ಲಾಪಿಗಳಿಗೆ ಮೀಸಲಾಗಿದ್ದ ಕಾಲದಲ್ಲಿ ಹಾರ್ಡ್ ಡಿಸ್ಕಿಗೆ C ಬಂತು. ಫ್ಲಾಪಿ ಹೋದರೂ ಆ ಕ್ರಮ ಉಳಿಯಿತು. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಈ ಅಕ್ಷರ ಡಿಸ್ಕಿನ ಮೇಲೆ ಬರೆದಿರುವುದಿಲ್ಲ, ಅದನ್ನು ಕೊಡುವುದು ನಿಮ್ಮ ಮುಂದಿರುವ ಕಂಪ್ಯೂಟರ್. ‘ಇಂಥ ಪಾರ್ಟಿಶನ್ ಬಂದರೆ E ಎಂದು ಕರೆ’ ಎಂಬ ಟಿಪ್ಪಣಿಯನ್ನು ವಿಂಡೋಸ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮನೆಯಲ್ಲಿ E ಆಗಿದ್ದ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಯಲ್ಲಿ G ಆಗುವುದು ಇದರಿಂದಲೇ. ಅಕ್ಷರ ಸಿಗದಿದ್ದರೆ ಒಳಗಿನ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಒಳಹೋಗುವ ದಾರಿ ಮಾತ್ರ ನಮಗೆ ಕಾಣುವುದಿಲ್ಲ.

ಮದುವೆಯ ಡಿಸ್ಕಿನಲ್ಲಿ ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ನೋಡಲು This PC ಸಾಲದು. ಅದು ತೋರಿಸುವುದು ಅಕ್ಷರ ಸಿಕ್ಕವರನ್ನು ಮಾತ್ರ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಹೀಗೆ ಟೈಪ್ ಮಾಡಿ:

```
diskmgmt.msc
```

Disk Management ಎಂಬ ಕಿಟಕಿ ತೆರೆದುಕೊಳ್ಳುತ್ತದೆ. ಅದರ ಕೆಳಭಾಗದಲ್ಲಿ ಒಂದೊಂದು ಡಿಸ್ಕಿಗೂ ಒಂದೊಂದು ಸಾಲು. Disk 0 ಎಂಬುದು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಒಳಗಿನದು, Disk 1 ಈಗ ಹಾಕಿದ್ದು. ಅದರ ಗಾತ್ರ 931 GB ಎಂದು ಕಂಡರೆ ಗಾಬರಿ ಬೇಡ, ಯಾರೂ ಜಾಗ ಕದ್ದಿಲ್ಲ. ತಯಾರಕರು ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಅದನ್ನು 1024ರಿಂದ ಮೂರು ಸಲ ಭಾಗಿಸಿ ತೋರಿಸುತ್ತದೆ.

ನಮ್ಮ ಡಿಸ್ಕಿನ ಸಾಲಿನಲ್ಲಿ ಎರಡು ಪೆಟ್ಟಿಗೆಗಳು ಕಾಣುತ್ತವೆ. ಚಿಕ್ಕದರ ಮೇಲೆ 200 MB, Healthy (EFI System Partition) ಎಂದಿದೆ. ದೊಡ್ಡದರ ಮೇಲೆ ಸುಮಾರು 931 GB, Healthy (Primary Partition) ಎಂದಿದೆ. ದೊಡ್ಡ ಪೆಟ್ಟಿಗೆಯಲ್ಲಿ ಇಲ್ಲದಿರುವುದನ್ನು ಗಮನಿಸಿ: ಅಕ್ಷರವೂ ಇಲ್ಲ, NTFS ಅಥವಾ exFAT ಎಂಬ ಹೆಸರೂ ಇಲ್ಲ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅಕ್ಷರ ಕೊಡುವ ಆಯ್ಕೆ ಸಿಗದೆ Delete Volume ಮಾತ್ರ ಬಳಕೆಗೆ ಸಿಗುತ್ತದೆ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನ ಗುರುತು ಇದೇ. ಡಿಸ್ಕನ್ನು ಸಿದ್ಧ ಮಾಡುವಾಗ ಮ್ಯಾಕ್ ಮೊದಲಿಗೆ ಆ 200 MB ತುಂಡನ್ನು ಬಿಟ್ಟು ಉಳಿದುದನ್ನು ತನ್ನ ಪದ್ಧತಿಗೆ ಕೊಡುತ್ತದೆ. ಗಡಿ ಸರಿಯಿದೆ, ವಿಂಡೋಸ್ ಅದನ್ನು ಓದಿದೆ. ಫೈಲ್‌ಗಳ ಲೆಕ್ಕ ಮಾತ್ರ ಎಪಿಎಫ್‌ಎಸ್‌ನಲ್ಲಿದೆ, ಅದು ವಿಂಡೋಸ್‌ಗೆ ಬರುವುದಿಲ್ಲ. ಅದಕ್ಕೆ ವಿಂಡೋಸ್ ಅಕ್ಷರವನ್ನೂ ಕೊಡಲಿಲ್ಲ.

ಇದಕ್ಕೆ ರಿಪೇರಿ ಬೇಕಿಲ್ಲ. ಮ್ಯಾಕ್ ಇರುವ ಪರಿಚಿತರ ಬಳಿ ತೆರೆದು ಬೇರೆ ಡಿಸ್ಕಿಗೆ ಕಾಪಿ ಮಾಡಿಸಬಹುದು, ಇಲ್ಲವೇ ಎಪಿಎಫ್‌ಎಸ್ ಓದುವ ಸಾಫ್ಟ್‌ವೇರನ್ನು ವಿಂಡೋಸ್‌ಗೆ ಹಾಕಿಕೊಳ್ಳಬಹುದು. ಎಲ್ಲಕ್ಕಿಂತ ಸುಲಭ, ಫೋಟೊಗ್ರಾಫರಿಗೇ ‘ಎಕ್ಸ್‌ಫ್ಯಾಟ್ ಮಾಡಿದ ಡಿಸ್ಕಿಗೆ ಹಾಕಿಕೊಡಿ’ ಎನ್ನುವುದು. ಎಕ್ಸ್‌ಫ್ಯಾಟನ್ನು ಮ್ಯಾಕ್ ಮತ್ತು ವಿಂಡೋಸ್ ಎರಡೂ ಓದುತ್ತವೆ, ಎರಡೂ ಬರೆಯುತ್ತವೆ. ಫ್ಯಾಟ್32 ಕೂಡ ಎರಡಕ್ಕೂ ಬರುತ್ತದೆ, ಆದರೆ ಅದರಲ್ಲಿ ಒಂದೊಂದು ಫೈಲೂ 4 GBಯ ಒಳಗೇ ಇರಬೇಕು. ಮುಹೂರ್ತದ ಒಂದು ಉದ್ದನೆಯ ವಿಡಿಯೊ ಸುಲಭವಾಗಿ ಆ ಮಿತಿಯನ್ನು ದಾಟುತ್ತದೆ. ಒಂದು ಮಾತು ನೆನಪಿರಲಿ: ಎಪಿಎಫ್‌ಎಸ್ ಡಿಸ್ಕನ್ನು ಒಳಗಿನ ಫೈಲ್‌ಗಳನ್ನು ಹಾಗೆಯೇ ಉಳಿಸಿಕೊಂಡು ಎಕ್ಸ್‌ಫ್ಯಾಟ್ ಮಾಡುವ ಆಯ್ಕೆ ಮ್ಯಾಕ್‌ನಲ್ಲೂ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ. ಫೈಲ್‌ಗಳನ್ನು ಹೊರಗೆ ತೆಗೆದು, ಫಾರ್ಮ್ಯಾಟ್ ಮಾಡಿ, ಮತ್ತೆ ಒಳಗೆ ಹಾಕಬೇಕು.

ಅದೇ ಕಿಟಕಿಯಲ್ಲಿ ಬೇರೆ ಮಾತು ಕಂಡರೆ ಅರ್ಥವೂ ಬೇರೆ. NTFS ಎಂದು ಬರೆದಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಅದು ಅತ್ಯಂತ ಹಗುರವಾದ ತೊಂದರೆ. ಬಲಗುಂಡಿ ಒತ್ತಿ, Change Drive Letter and Paths ಆರಿಸಿ, ಬಳಕೆಯಲ್ಲಿಲ್ಲದ ಒಂದು ಅಕ್ಷರ ಕೊಟ್ಟರೆ ಫೈಲ್‌ಗಳು ಬಂದುಬಿಡುತ್ತವೆ. ಡಿಸ್ಕಿನ ಸಾಲಿನಲ್ಲಿ No Media ಎಂದಿದ್ದು ಗಾತ್ರವೇ ಕಾಣದಿದ್ದರೆ ಪಾರ್ಟಿಶನ್ ಮಾತು ಆಮೇಲಿನದು. ಪೆನ್‌ಡ್ರೈವಿನಲ್ಲಿ ಹೀಗೆ ಕಂಡರೆ ಹೆಚ್ಚಾಗಿ ಅದರ ಚಿಪ್ಪೇ ಕೆಟ್ಟಿರುತ್ತದೆ, ಯಾವ ಸಾಫ್ಟ್‌ವೇರಿನಿಂದಲೂ ಅದು ಸರಿಹೋಗುವುದಿಲ್ಲ.

ನಿಜವಾಗಿ ಚಿಂತೆಗೆ ಕಾರಣವಾಗುವುದು RAW ಎಂಬ ಪದ. ನಿನ್ನೆಯವರೆಗೆ ಇದೇ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿದ್ದ ಡಿಸ್ಕ್ ಇಂದು RAW ಎಂದು ತೋರಿಸುತ್ತಿದ್ದರೆ ಭಾಷೆ ಬಾರದ ಸಮಸ್ಯೆ ಅದಲ್ಲ, ಲೆಕ್ಕದ ಪುಟಗಳೇ ಹಾಳಾಗಿವೆ. ಕಾಪಿ ನಡೆಯುತ್ತಿದ್ದಾಗ ಕೇಬಲ್ ಕಿತ್ತಿರಬಹುದು, ಕರೆಂಟ್ ಹೋಗಿರಬಹುದು, ಡಿಸ್ಕಿನ ಆ ಭಾಗ ಸವೆದಿರಬಹುದು. ಆಗ ವಿಂಡೋಸ್ ಕೇಳುವುದು You need to format the disk in drive E: before you can use it ಎಂದು. ಕೆಳಗೆ Format disk ಎಂಬ ಗುಂಡಿ ಸಿದ್ಧವಾಗಿರುತ್ತದೆ. ಈ ಪೆಟ್ಟಿಗೆಯನ್ನು ಹೀಗೆ ಬರೆದಿರುವುದು ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ‘ನನಗೆ ಇದನ್ನು ಓದಲಾಗುತ್ತಿಲ್ಲ’ ಎನ್ನಬೇಕಾದಲ್ಲಿ ಅದು ‘ಫಾರ್ಮ್ಯಾಟ್ ಮಾಡಲೇಬೇಕು’ ಎನ್ನುತ್ತಿದೆ. ನಂಬಿ ಒತ್ತಿದವರ ಫೋಟೊಗಳು ಹೋಗಿವೆ. Cancel ಒತ್ತಿ. ಹೊಸದಲ್ಲದ ಡಿಸ್ಕಿಗೆ Initialize Disk ಎಂದು ಕೇಳಿದರೂ ಹಾಗೆಯೇ ಮಾಡಿ, ಅದು ಗಡಿಯ ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ.

ಗುಂಡಿ ಒತ್ತಿಬಿಟ್ಟಿದ್ದರೂ ಎಲ್ಲ ಮುಗಿಯಿತೆಂದಲ್ಲ. Quick Format ಮಾಡುವುದು ಹೊಸ ಖಾಲಿ ಲೆಕ್ಕದ ಪುಸ್ತಕವನ್ನು ತೆರೆಯುವ ಕೆಲಸ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಫೋಟೊಗಳ ಬೈಟುಗಳು, ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೆ, ಇದ್ದಲ್ಲಿಯೇ ಇರುತ್ತವೆ. ಆದ್ದರಿಂದ ಆ ಡಿಸ್ಕಿಗೆ ಹೊಸದಾಗಿ ಒಂದು ಫೈಲನ್ನೂ ಹಾಕಬಾರದು. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಕಳೆದುಹೋದ ಪಾರ್ಟಿಶನ್ ಗಡಿಗಳನ್ನು ಹುಡುಕುತ್ತದೆ. ಅದರ ಜೊತೆಗೇ ಬರುವ ಫೋಟೊರೆಕ್ ಲೆಕ್ಕದ ಗೋಜಿಗೇ ಹೋಗದೆ ಫೋಟೊ ಶುರುವಾಗುವ ಗುರುತುಗಳನ್ನು ಡಿಸ್ಕಿನುದ್ದಕ್ಕೂ ಹುಡುಕಿ ಹೊರತೆಗೆಯುತ್ತದೆ. ಹಾಗೆ ಸಿಕ್ಕ ಫೋಟೊಗಳಿಗೆ ಹಳೆಯ ಹೆಸರಾಗಲಿ ಫೋಲ್ಡರಾಗಲಿ ಇರುವುದಿಲ್ಲ, ಏಕೆಂದರೆ ಅವು ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ತುಂಡುತುಂಡಾಗಿ ಹರಡಿದ್ದ ದೊಡ್ಡ ವಿಡಿಯೊಗಳು ಅರ್ಧಕ್ಕೇ ನಿಲ್ಲಬಹುದು. ಎಸ್‌ಎಸ್‌ಡಿಯಾದರೆ ಈ ಆಸೆಯೂ ಕಡಿಮೆ. ಫಾರ್ಮ್ಯಾಟ್ ಆದೊಡನೆ ‘ಈ ತುಂಡುಗಳು ಇನ್ನು ಬೇಕಿಲ್ಲ’ ಎಂಬ ಸೂಚನೆ ಹೋಗಿ ಅದು ತಾನೇ ಅವನ್ನು ಅಳಿಸಿಕೊಳ್ಳಬಹುದು.

ಇನ್ನೊಂದು ಬಗೆಯ ಖಾಲಿ ಇದೆ, ಅದರಲ್ಲಿ ಮೂರು ಪದರಗಳೂ ಸರಿಯಾಗಿರುತ್ತವೆ. ಪೆನ್‌ಡ್ರೈವಿಗೆ ಅಕ್ಷರವಿದೆ, FAT32 ಎಂದೂ ಇದೆ, ತೆರೆದರೆ ಮಾತ್ರ ಏನೂ ಇಲ್ಲ ಅಥವಾ ಬರೀ ಶಾರ್ಟ್‌ಕಟ್‌ಗಳು. ಅಕ್ಷರದ ಮೇಲೆ ಬಲಗುಂಡಿ ಒತ್ತಿ Properties ನೋಡಿ. Used space ಹಲವು GB ಎಂದಿದ್ದರೆ ಫೈಲ್‌ಗಳು ಅಲ್ಲೇ ಇವೆ. ಹಲವರು ಬಳಸುವ ಕಂಪ್ಯೂಟರುಗಳಲ್ಲಿ ಅಂಟುವ ಒಂದು ಬಗೆಯ ವೈರಸ್ ಫೋಲ್ಡರುಗಳಿಗೆ ‘ಅಡಗಿದ್ದು’ ಮತ್ತು ‘ಸಿಸ್ಟಮ್‌ನದು’ ಎಂಬ ಎರಡು ಗುರುತು ಹಾಕಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಆ ಶಾರ್ಟ್‌ಕಟ್‌ಗಳನ್ನು ತೆರೆಯಬೇಡಿ. ಮೊದಲು ಆಂಟಿವೈರಸ್‌ನಿಂದ ಸ್ವಚ್ಛ ಮಾಡಿ, ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲು:

```
attrib -h -s -r /s /d E:\*.*
```

E ಇರುವಲ್ಲಿ ನಿಮ್ಮ ಪೆನ್‌ಡ್ರೈವಿನ ಅಕ್ಷರ ಬರಬೇಕು. ಅಪ್ಪಿತಪ್ಪಿಯೂ C ಹಾಕಬಾರದು. ಈ ಸಾಲು ಆ ಎರಡು ಗುರುತುಗಳನ್ನೂ ಬದಲಾಯಿಸದಂತೆ ತಡೆಯುವ ಗುರುತನ್ನೂ ತೆಗೆದುಹಾಕುತ್ತದೆ, ಫೋಲ್ಡರುಗಳು ಮತ್ತೆ ಕಾಣುತ್ತವೆ.

ಡಿಸ್ಕ್ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಈ ಯಾವುದನ್ನೂ ಮನೆಯಲ್ಲಿ ಮಾಡಬೇಡಿ, ಕೂಡಲೇ ಕಿತ್ತು ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಅಂಗಡಿಗೆ ಕೊಡುವಾಗ ‘ಡಿಸ್ಕ್ ಓಪನ್ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ‘ಫಾರ್ಮ್ಯಾಟ್ ಮಾಡಿಕೊಡುತ್ತೇವೆ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. Disk Managementನ ಕಿಟಕಿಯ ಒಂದು ಫೋಟೊ ಮೊಬೈಲಿನಲ್ಲಿರಲಿ. ಕೊನೆಯ ಸಲ ಅದು ಯಾವ ಕಂಪ್ಯೂಟರಿನಲ್ಲಿ ತೆರೆದಿತ್ತು ಎಂದು ಹೇಳಿ. ಡಿಸ್ಕ್ ಬೇಕಿಲ್ಲ, ಒಳಗಿರುವುದು ಬೇಕು ಎಂದು ಚೀಟಿಯಲ್ಲಿ ಬರೆಸಿಯೇ ಕೊಡಿ.